ಫೋನನ್ನೇ ಟಿವಿ ರಿಮೋಟ್ ಮಾಡಿಕೊಳ್ಳೋದು: ಯಾವ ಟಿವಿಗೆ, ಯಾವ ಡಬ್ಬಿಗೆ, ಯಾವ ದಾರಿ

ಪ್ಲೇ ಸ್ಟೋರಿಗೆ ಹೋಗಿ "ಟಿವಿ ರಿಮೋಟ್" ಅಂತ ಹುಡುಕಿ ನೋಡಿ, ಜಾರಿಸಿದಷ್ಟೂ ಆ್ಯಪ್‌ಗಳೇ. ಎಲ್ಲದರ ಮೇಲೂ "ಎಲ್ಲ ಟಿವಿಗೂ ಆಗುತ್ತದೆ" ಅಂತ ಬರೆದಿರುತ್ತದೆ. ಹಾಕಿಕೊಂಡು ನೋಡಿದರೆ ಒಂದು ಜಾಹೀರಾತು, ಆಮೇಲೆ ಇನ್ನೊಂದು ಜಾಹೀರಾತು, ಕೊನೆಗೆ "ಯಾವ ಸಾಧನವೂ ಸಿಗಲಿಲ್ಲ". ತಪ್ಪು ಆ್ಯಪಿನದ್ದೇ ಆಗಿರಬೇಕು ಅಂತೇನಿಲ್ಲ. ಟಿವಿ ಯಾವ ಜಾತಿಯದು, ಅದು ಈಗ ಯಾವ ವೈಫೈಯಲ್ಲಿ ಕೂತಿದೆ, ನಿಮಗೆ ಬೇಕಾಗಿರೋದು ಟಿವಿಯ ರಿಮೋಟೋ ಅದರ ಕೆಳಗಿರುವ ಡಬ್ಬಿಯ ರಿಮೋಟೋ, ಇಷ್ಟು ಗೊತ್ತಾದರೆ ಯಾವ ಆ್ಯಪ್ ಅನ್ನೋದು ತಾನಾಗೇ ತೀರ್ಮಾನ ಆಗುತ್ತದೆ. ಆಯ್ಕೆ ಮಾಡೋಕೆ ಉಳಿಯೋದೇ ಕಡಿಮೆ.

ಏನೇ ಹಾಕಿಕೊಳ್ಳೋ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ಹಳೇ ರಿಮೋಟಿನ ತುದಿಯನ್ನು ಫೋನಿನ ಮುಂದಿನ ಕ್ಯಾಮೆರಾಗೆ, ಅಂದರೆ ಸೆಲ್ಫಿ ಕ್ಯಾಮೆರಾಗೆ ಹಿಡಿದು, ಪವರ್ ಬಟನ್ ಒತ್ತಿ. ತೆರೆಯ ಮೇಲೆ ತಿಳಿ ನೇರಳೆ ಅಥವಾ ಬಿಳಿ ಬಣ್ಣದ ಚುಕ್ಕೆ ಮಿಣುಕಿದರೆ ರಿಮೋಟ್ ಬದುಕಿದೆ ಅಂತ ಅರ್ಥ. ಇನ್ಫ್ರಾರೆಡ್ ಅನ್ನುವ ಆ ಬೆಳಕು ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಸೋಸುವ ಗಾಜು ಗಟ್ಟಿ ಇರೋದರಿಂದ ಎಷ್ಟೋ ಸಲ ಕಾಣಲ್ಲ, ಅದಕ್ಕೇ ಮುಂದಿನದು. ಮಿಣುಕದಿದ್ದರೆ ಸೆಲ್ ಬದಲಿಸಿ ಇನ್ನೊಮ್ಮೆ ನೋಡಿ. ಮೈಕ್ ಇರುವ ಹೊಸ ರಿಮೋಟ್‌ಗಳಲ್ಲಿ ಹೆಚ್ಚಿನ ಬಟನ್‌ಗಳು ಬ್ಲೂಟೂತ್‌ನಲ್ಲಿ ನಡೆಯುತ್ತವೆ, ಅವನ್ನು ಒತ್ತಿದರೆ ಏನೂ ಮಿಣುಕಲ್ಲ. ಅವು ಕೆಟ್ಟಿವೆ ಅಂತ ಅಂದುಕೊಳ್ಳಬೇಡಿ.

## ಮೊದಲು ಟಿವಿಯ ಜಾತಿ ನೋಡಿ

ಟಿವಿಯಲ್ಲಿ ಗೂಗಲ್ ಪ್ಲೇ ಸ್ಟೋರ್ ಇದ್ದರೆ ಅದು ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ. ಸೋನಿ, ಟಿಸಿಎಲ್, ಶಿಯೋಮಿ ಇವರ ಬಹಳಷ್ಟು ಟಿವಿಗಳು ಇದೇ. ಇದಕ್ಕೆ ಗೂಗಲ್‌ನವರದ್ದೇ "ಗೂಗಲ್ ಟಿವಿ" ಅನ್ನುವ ಫೋನ್ ಆ್ಯಪ್ ಸಾಕು, ಐಫೋನಿಗೂ ಇದೆ. ಆ್ಯಪ್ ತೆರೆದರೆ ಕೆಳಗಡೆ ರಿಮೋಟ್ ಬಟನ್ ಕಾಣುತ್ತದೆ, ಒತ್ತಿದರೆ ಅದೇ ವೈಫೈಯಲ್ಲಿರುವ ಟಿವಿಗಳನ್ನು ಹುಡುಕಿ ತೋರಿಸುತ್ತದೆ. ನಿಮ್ಮ ಟಿವಿ ಆರಿಸಿದಾಗ ಟಿವಿ ಪರದೆ ಮೇಲೆ ಆರು ಅಕ್ಷರದ ಕೋಡ್ ಬರುತ್ತದೆ. ಅಂಕಿಯ ಜೊತೆ ಇಂಗ್ಲಿಷ್ ಅಕ್ಷರವೂ ಇರುತ್ತದೆ, ಅದನ್ನು ಫೋನಿನಲ್ಲಿ ಬರೆದರೆ ಜೋಡಣೆ ಮುಗಿಯಿತು. ಈ ಕೆಲಸಕ್ಕೆ ಹಳೇ ರಿಮೋಟ್ ಬೇಕಾಗೇ ಇಲ್ಲ ಅನ್ನೋದು ಇದರ ದೊಡ್ಡ ಅನುಕೂಲ. ಟಿವಿ ಆನ್ ಇರಬೇಕು, ವೈಫೈಯಲ್ಲಿ ಇರಬೇಕು, ಅಷ್ಟೇ. ಫೋನಿನಲ್ಲಿ ಈಗಾಗಲೇ "ಗೂಗಲ್ ಹೋಮ್" ಇದ್ದರೆ ಅದರಲ್ಲೂ ಇದೇ ರಿಮೋಟ್ ಸಿಗುತ್ತದೆ, ಎರಡೂ ಹಾಕಿಕೊಳ್ಳೋದು ಸುಮ್ನೆ ಜಾಗ ದಂಡ.

ಸ್ಯಾಮ್‌ಸಂಗ್ ಟಿವಿಗೆ ಇದು ನಡೆಯಲ್ಲ, ಅದಕ್ಕೆ "ಸ್ಮಾರ್ಟ್‌ಥಿಂಗ್ಸ್". ಎಲ್‌ಜಿಗೆ "ಥಿಂಕ್ಯೂ". ಎರಡೂ ಮೊದಲು ಖಾತೆ ತೆರೆಯಿರಿ ಅನ್ನುತ್ತವೆ, ಮನೆಯ ಎಲ್ಲ ಸಾಮಾನನ್ನೂ ಸೇರಿಸಿಕೊಳ್ಳೋಕೆ ನೋಡುತ್ತವೆ. ಒಂದು ರಿಮೋಟಿಗೆ ಇಷ್ಟೆಲ್ಲ ಯಾಕೆ ಅಂತ ಕಿರಿಕಿರಿ ಆಗುತ್ತದೆ, ಆದರೂ ಆ ಟಿವಿಗಳ ಮಟ್ಟಿಗೆ ಗಟ್ಟಿ ದಾರಿ ಅವೇ. ಫೈರ್ ಟಿವಿ ಸ್ಟಿಕ್ಕಿಗೆ, ಫೈರ್ ಟಿವಿ ಒಳಗೇ ಇರುವ ರೆಡ್ಮಿ ಟಿವಿಗಳಿಗೆ ಅಮೆಜಾನ್‌ನವರ "ಫೈರ್ ಟಿವಿ" ಆ್ಯಪ್, ಅಲ್ಲಿ ನಾಲ್ಕಂಕಿಯ ಕೋಡ್. ಐಫೋನ್ ಮತ್ತು ಆ್ಯಪಲ್ ಟಿವಿ ಡಬ್ಬಿ ಎರಡೂ ಇರುವ ಮನೆಯಾದರೆ ಫೋನಿನ ಕಂಟ್ರೋಲ್ ಸೆಂಟರಿನಲ್ಲೇ ರಿಮೋಟ್ ಇದೆ, ಬೇರೆ ಆ್ಯಪ್ ಬೇಡ.

ನಮ್ಮ ಕಡೆ ತಲೆನೋವು ಬರೋದು ಇವು ಯಾವೂ ಅಲ್ಲದ ಟಿವಿಗಳಿಂದ. ಹಬ್ಬದ ಆಫರ್‌ನಲ್ಲಿ, ಕಂತಿನಲ್ಲಿ, ಕಡಿಮೆ ರೇಟಿಗೆ ಕೊಂಡ 32 ಇಂಚಿನ ಟಿವಿ. ರಟ್ಟಿನ ಡಬ್ಬದ ಮೇಲೆ "ಆಂಡ್ರಾಯ್ಡ್ ಸ್ಮಾರ್ಟ್" ಅಂತ ಬರೆದಿರುತ್ತದೆ. ಆಂಡ್ರಾಯ್ಡ್ ಅನ್ನೋದು ಸುಳ್ಳೂ ಅಲ್ಲ, ಆದರೆ ಗೂಗಲ್ ಒಪ್ಪಿಗೆ ಕೊಟ್ಟ ಆಂಡ್ರಾಯ್ಡ್ ಟಿವಿ ಅದಲ್ಲ. ಪ್ಲೇ ಸ್ಟೋರ್ ಇರಬೇಕಾದ ಜಾಗದಲ್ಲಿ ಬೇರೆ ಯಾವುದೋ ಆ್ಯಪ್ ಅಂಗಡಿ ಇರುತ್ತದೆ. ಇಂಥ ಟಿವಿಯನ್ನು ಗೂಗಲ್ ಟಿವಿ ಆ್ಯಪ್ ಎಷ್ಟು ಹೊತ್ತು ಹುಡುಕಿದರೂ ಕಂಡುಹಿಡಿಯಲ್ಲ, ಯಾಕಂದರೆ ಆ ಆ್ಯಪಿನ ಕರೆಗೆ ಓಗೊಡುವ ಭಾಗವೇ ಈ ಟಿವಿಯ ಒಳಗಿಲ್ಲ. ಮೆನುವಿನಲ್ಲಿ "ಈಶೇರ್" ಥರದ ಆ್ಯಪ್ ಮೊದಲೇ ಕೂತಿದೆಯಾ ನೋಡಿ. ಇದ್ದರೆ ಅದನ್ನು ತೆರೆದಾಗ ಕ್ಯೂಆರ್ ಕೋಡ್ ಬರುತ್ತದೆ, ಅದರ ಜೋಡಿ ಆ್ಯಪನ್ನು ಫೋನಿಗೆ ಹಾಕಿದರೆ ರಿಮೋಟೂ ಬರುತ್ತದೆ. ಅದೂ ಇಲ್ಲದಿದ್ದರೆ ವೈಫೈ ದಾರಿಯನ್ನು ಬಿಟ್ಟುಬಿಡಿ. ಟಿವಿ ರಿಪೇರಿ ಅಂಗಡಿಯಲ್ಲಿ 200–300 ರೂಪಾಯಿಗೆ ಸಿಗುವ ಮಾಮೂಲಿ ರಿಮೋಟೇ ವಾಸಿ. ಹೋಗುವಾಗ ಹಳೇ ರಿಮೋಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಇಂಥ ಟಿವಿಗಳಲ್ಲಿ ಕಂಪನಿ ಹೆಸರಿಗಿಂತ ಬಟನ್‌ಗಳ ಜೋಡಣೆ ನೋಡಿಯೇ ಅಂಗಡಿಯವರು ಹುಡುಕಿ ಕೊಡೋದು.

## ಡಬ್ಬಿಯ ಕಥೆ ಬೇರೆ

ಸೆಟ್‌ಟಾಪ್ ಬಾಕ್ಸ್ ಅಂದರೆ ನಮ್ಮಲ್ಲಿ ಎರಡು ಪೂರ್ತಿ ಬೇರೆ ಬೇರೆ ವಸ್ತುಗಳು. ಒಂದು ಊರಿನ ಕೇಬಲ್‌ನವರು ಕೊಟ್ಟಿದ್ದು, ಇಲ್ಲವೇ ಮಾಳಿಗೆ ಮೇಲಿನ ಡಿಶ್‌ನ ಸಾದಾ ಡಬ್ಬಿ. ಅದಕ್ಕೆ ವೈಫೈ ಅನ್ನೋದೇ ಇಲ್ಲ. ಮುಂಭಾಗದ ಕಪ್ಪು ಗಾಜಿನ ಹಿಂದೆ ರಿಮೋಟಿನ ಬೆಳಕನ್ನು ಹಿಡಿಯುವ ಒಂದು ಕಣ್ಣು ಇದೆ, ಅಷ್ಟೇ. ಹೀಗಿರುವಾಗ "ಅದೇ ವೈಫೈಗೆ ಜೋಡಿಸಿ" ಅನ್ನುವ ಯಾವ ಆ್ಯಪೂ ಅದನ್ನು ಮುಟ್ಟೋಕಾಗಲ್ಲ. ಆಯಾ ಡಿಶ್ ಕಂಪನಿಯ ಹೆಸರಿಟ್ಟುಕೊಂಡ ರಿಮೋಟ್ ಆ್ಯಪ್‌ಗಳು ಪ್ಲೇ ಸ್ಟೋರಿನಲ್ಲಿ ಬಹಳ ಇವೆ, ಜನ ಹಾಕಿಕೊಂಡು, ಕೆಲಸ ಮಾಡಲ್ಲ ಅಂತ ಒಂದು ಸ್ಟಾರ್ ಕೊಟ್ಟು ಬೈದಿರುತ್ತಾರೆ. ಅವು ಇನ್ಫ್ರಾರೆಡ್ ದೀಪ ಇರುವ ಫೋನಿಗೆ ಮಾಡಿದ ಆ್ಯಪ್‌ಗಳು. ದೀಪ ಇಲ್ಲದ ಫೋನಿನಲ್ಲಿ ಬಟನ್ ಒತ್ತಿದರೆ ಫೋನ್ ಕಂಪಿಸುತ್ತದೆ, ಡಬ್ಬಿಗೆ ಏನೂ ತಲುಪಲ್ಲ.

ಇನ್ನೊಂದು ಬಗೆ ಇಂಟರ್ನೆಟ್ ಡಬ್ಬಿ. ಏರ್‌ಟೆಲ್ ಎಕ್ಸ್‌ಸ್ಟ್ರೀಮ್, ಟಾಟಾ ಪ್ಲೇ ಬಿಂಜ್ ಪ್ಲಸ್ ಇವು ಒಳಗೆ ಆಂಡ್ರಾಯ್ಡ್ ಟಿವಿಗಳೇ. ಹಾಗಾಗಿ ಗೂಗಲ್ ಟಿವಿ ಆ್ಯಪ್ ಇವನ್ನು ಟಿವಿಯ ಥರವೇ ಹುಡುಕಿ ಕೊಡುತ್ತದೆ. ಜಿಯೋ ಫೈಬರ್ ಜೊತೆ ಬರುವ ಡಬ್ಬಿಗೆ ಅವರದ್ದೇ "ಜಿಯೋಹೋಮ್" ಆ್ಯಪ್ ಇದೆ.

ಇಲ್ಲಿ ಜನ ಎಡವೋದು ಒಂದೇ ಕಡೆ. ಟಿವಿಯೂ ಸ್ಮಾರ್ಟ್, ಡಬ್ಬಿಯೂ ಸ್ಮಾರ್ಟ್ ಆಗಿದ್ದರೆ ಆ್ಯಪಿನ ಪಟ್ಟಿಯಲ್ಲಿ ಎರಡು ಹೆಸರು ಬರುತ್ತವೆ. ಡಬ್ಬಿಗೆ ಜೋಡಿಸಿಕೊಂಡು "ಟಿವಿಯ ಇನ್‌ಪುಟ್ ಬದಲಾಗ್ತಿಲ್ಲ" ಅಂದರೆ ಅದು ಆಗೋದೂ ಇಲ್ಲ, ಡಬ್ಬಿಯ ರಿಮೋಟಿಗೆ ಟಿವಿಯ ಎಚ್‌ಡಿಎಂಐ ಆರಿಸುವ ಅಧಿಕಾರ ಇಲ್ಲವಲ್ಲ. ಎರಡಕ್ಕೂ ಬೇರೆ ಬೇರೆ ಜೋಡಿಸಿಕೊಳ್ಳಿ. ಇನ್ನು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಸಿಇಸಿ ಆನ್ ಮಾಡಿದ್ದರೆ ಡಬ್ಬಿಯನ್ನು ಎಬ್ಬಿಸಿದಾಗ ಟಿವಿಯೂ ಎದ್ದು, ತಾನೇ ಆ ಇನ್‌ಪುಟ್ಟಿಗೆ ಬರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು Anynet+, ಎಲ್‌ಜಿಯಲ್ಲಿ SimpLink, ಸೋನಿಯಲ್ಲಿ Bravia Sync. ರಿಮೋಟ್ ಇನ್ನೂ ಸರಿ ಇರುವಾಗಲೇ ಇದನ್ನು ಆನ್ ಮಾಡಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

## ಬೆಳಕಿನ ದಾರಿಯೋ ವೈಫೈ ದಾರಿಯೋ

ಫೋನಿನ ಮೇಲಂಚಿನಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ ಇದೆಯಾ ನೋಡಿ. ರೆಡ್ಮಿ, ಪೋಕೋ ಫೋನ್‌ಗಳಲ್ಲಿ ಬಹಳಷ್ಟಕ್ಕೆ ಇದೆ. ಅದೇ ಇನ್ಫ್ರಾರೆಡ್ ದೀಪ, ಜೊತೆಗೆ "ಮಿ ರಿಮೋಟ್" ಆ್ಯಪ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಟಿವಿ ಕಂಪನಿ ಆರಿಸಿ, ಅದು ಕಳಿಸುವ ಸಿಗ್ನಲ್‌ಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಹೋದರೆ ಯಾವುದೋ ಒಂದಕ್ಕೆ ಟಿವಿ ಓಗೊಡುತ್ತದೆ. ಇದಕ್ಕೆ ವೈಫೈ ಬೇಡ, ಖಾತೆ ಬೇಡ, ಕೋಡ್ ಬೇಡ. ಕೇಬಲ್ ಡಬ್ಬಿಗೂ ನಡೆಯುತ್ತದೆ, ಬೇಸಿಗೆಯಲ್ಲಿ ಎಸಿ ರಿಮೋಟ್ ಕಳೆದರೆ ಅದಕ್ಕೂ ನಡೆಯುತ್ತದೆ, ನಮ್ಮೂರುಗಳ ಏಪ್ರಿಲ್ ಮೇ ನೋಡಿದವರಿಗೆ ಇದರ ಬೆಲೆ ಬೇರೆ ಹೇಳಬೇಕಾ?

ಎಲ್ಲಕ್ಕಿಂತ ದೊಡ್ಡ ಲಾಭ ಆನ್ ಮಾಡೋದರಲ್ಲಿದೆ. ಕೆಂಪು ದೀಪ ಉರಿಯುತ್ತಾ ನಿದ್ದೆಯಲ್ಲಿರುವ ಟಿವಿಯ ಇನ್ಫ್ರಾರೆಡ್ ಕಣ್ಣು ಮಾತ್ರ ಸದಾ ಎಚ್ಚರ ಇರುತ್ತದೆ. ವೈಫೈ ಭಾಗ ಹಾಗಲ್ಲ, ಕರೆಂಟ್ ಉಳಿಸೋಕೆ ಎಷ್ಟೋ ಟಿವಿಗಳು ನಿದ್ದೆಗೆ ಹೋದ ಕೂಡಲೇ ಅಥವಾ ಸ್ವಲ್ಪ ಹೊತ್ತಾದ ಮೇಲೆ ವೈಫೈಯನ್ನು ಆರಿಸಿಬಿಡುತ್ತವೆ. ಆಗ ಫೋನ್ ಆ್ಯಪಿನಲ್ಲಿ ಪವರ್ ಬಟನ್ ಒತ್ತಿದರೆ ಕೇಳಿಸಿಕೊಳ್ಳೋಕೆ ಆ ಕಡೆ ಯಾರೂ ಇರಲ್ಲ. ಆಫ್ ಮಾಡೋಕೆ ಬರುತ್ತೆ, ಆನ್ ಮಾಡೋಕೆ ಬರಲ್ಲ ಅನ್ನುವ ದೂರಿಗೆ ಕಾರಣ ಇದೇ. ಸರಿ ಮಾಡುವ ಸೆಟ್ಟಿಂಗ್ ಟಿವಿಯ ಒಳಗಿದೆ. ಸ್ಯಾಮ್‌ಸಂಗ್‌ನಲ್ಲಿ ನೆಟ್‌ವರ್ಕ್ ವಿಭಾಗದ ಒಳಗೆ Power On with Mobile, ಎಲ್‌ಜಿಯಲ್ಲಿ Turn on via Wi-Fi, ಸೋನಿಯಲ್ಲಿ Remote start ಅಂತ ಇರುತ್ತದೆ. ಅದನ್ನು ಆನ್ ಮಾಡಿ. ಆದರೂ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸದ ಮನೆಯಲ್ಲಿ ಯಾವ ಆ್ಯಪೂ ಟಿವಿಯನ್ನು ಎಬ್ಬಿಸೋಕಾಗಲ್ಲ. ಹಾಗಂತ ಸ್ವಿಚ್ ಆರಿಸಬೇಡಿ ಅಂತ ನಾನು ಹೇಳಲ್ಲ, ಗುಡುಗು ಸಿಡಿಲಿನ ದಿನ ಆರಿಸೋದೇ ಸರಿ. ಅಂಥ ಮನೆಯವರು ಟಿವಿಯ ಕೆಳಗೆ ಅಥವಾ ಹಿಂದೆ ಬೆರಳಾಡಿಸಿ ಅಲ್ಲಿರುವ ಒಂದೇ ಬಟನ್ ಎಲ್ಲಿದೆ ಅಂತ ಗೊತ್ತುಮಾಡಿಕೊಂಡಿರಲಿ. ಹೆಚ್ಚಿನ ಟಿವಿಗಳಲ್ಲಿ ಕಂಪನಿ ಹೆಸರಿನ ಪಟ್ಟಿಯ ಕೆಳಗಡೆಯೇ ಇರುತ್ತದೆ.

ಕರೆಂಟ್ ಹೋಗಿ ಬಂದಾಗಲೂ ಒಂದು ಸಣ್ಣ ಆಟ ನಡೆಯುತ್ತದೆ. ಟಿವಿ ಬೇಗ ಏಳುತ್ತದೆ, ರೌಟರ್ ನಿಧಾನ. ವೈಫೈ ಇನ್ನೂ ಬರೋ ಮೊದಲೇ ಟಿವಿ ಹುಡುಕಿ, ಸಿಗದೆ ಸುಮ್ಮನಾಗಿರುತ್ತದೆ. ಆ್ಯಪಿನಲ್ಲಿ ಟಿವಿ ಕಾಣದಿದ್ದರೆ ಎರಡು ಮೂರು ನಿಮಿಷ ತಡೆಯಿರಿ, ಆಗಲೂ ಬರದಿದ್ದರೆ ಟಿವಿಯ ಪ್ಲಗ್ ತೆಗೆದು ಹಾಕಿ.

ಇನ್ಫ್ರಾರೆಡ್‌ನ ಮಿತಿಗಳನ್ನೂ ಹೇಳಿಬಿಡುತ್ತೇನೆ. ಫೋನನ್ನು ಟಿವಿಗೆ ನೇರ ಹಿಡಿಯಬೇಕು, ಮಧ್ಯೆ ಯಾರಾದರೂ ಕೂತಿದ್ದರೆ ಆಗಲ್ಲ. ಯೂಟ್ಯೂಬ್‌ನಲ್ಲಿ ಹೆಸರು ಬರೆದು ಹುಡುಕೋಕೆ ಫೋನಿನ ಕೀಬೋರ್ಡ್ ಸಿಗಲ್ಲ, ಬಾಣದ ಬಟನ್ ಒತ್ತುತ್ತಾ ಒಂದೊಂದೇ ಅಕ್ಷರ ಆರಿಸಬೇಕು. ವೈಫೈ ಆ್ಯಪಿನಲ್ಲಿ ಈ ಕೆಲಸ ಎಷ್ಟು ಸಲೀಸು ಅಂದರೆ ಅದೊಂದಕ್ಕೇ ಆ ಆ್ಯಪ್ ಇಟ್ಟುಕೊಳ್ಳಬಹುದು. ಮತ್ತೆ ಫೈರ್ ಟಿವಿ ಸ್ಟಿಕ್‌ಗೆ ಇನ್ಫ್ರಾರೆಡ್ ಕಣ್ಣೇ ಇಲ್ಲ, ಹಾಗಾಗಿ ರೆಡ್ಮಿ ಫೋನಿನ ದೀಪ ಅಲ್ಲಿ ವ್ಯರ್ಥ. ನಾನು ಹೇಳೋದಾದರೆ, ದೀಪ ಇರುವ ಫೋನ್ ಇದ್ದವರು ಎರಡೂ ಇಟ್ಟುಕೊಳ್ಳಿ. ಎಬ್ಬಿಸೋಕೆ ಬೆಳಕು, ಹುಡುಕೋಕೆ ವೈಫೈ.

## ಆ್ಯಪ್ ಸರಿ ಇದ್ದರೂ ಟಿವಿ ಕಾಣದಿದ್ದರೆ

ಇದು ಈ ವಿಷಯದ ಅಸಲಿ ಗಂಟು, ಅದಕ್ಕೆ ಒಂದು ಮನೆಯ ಉದಾಹರಣೆ ಹಿಡಿದೇ ಹೇಳುತ್ತೇನೆ. ಗಂಗಾವತಿಯಲ್ಲಿ ನಮ್ಮ ಕಾಕಾ ಮನೆಗೆ ಹೊಸ ಫೈಬರ್ ಹಾಕಿಸಿದರು. ಹಾಲ್‌ನಲ್ಲಿ ಫೈಬರ್‌ನವರು ಕೊಟ್ಟ ಹೊಸ ರೌಟರ್, ಅದಕ್ಕೆ ಹೊಸ ವೈಫೈ ಹೆಸರು. ಹಳೇ ರೌಟರ್ ಇನ್ನೂ ಚೆನ್ನಾಗಿದೆಯಲ್ಲ ಅಂತ ಅದನ್ನು ಹೊಸದರಿಂದ ಒಂದು ವೈರ್ ಎಳೆದು ಮೇಲಿನ ರೂಮಿನಲ್ಲಿ ಇಟ್ಟರು. ಅದರ ಹಳೇ ಹೆಸರು, ಹಳೇ ಪಾಸ್‌ವರ್ಡ್ ಹಾಗೇ ಉಳಿದವು. ಅಷ್ಟರಲ್ಲಿ ಟಿವಿ ರಿಮೋಟ್ ನೀರಿಗೆ ಬಿತ್ತು. ಕಾಕಾ ಫೋನಿನಲ್ಲಿ ಗೂಗಲ್ ಟಿವಿ ಆ್ಯಪ್ ಹಾಕಿಕೊಂಡು ನನಗೆ ಫೋನ್ ಮಾಡಿದರು.

"ತಮ್ಮಾ, ಆ್ಯಪ್‌ದಾಗ ನಮ್ಮ ಟಿವಿನ ಬರವಲ್ದು ನೋಡು."

"ಟಿವಿ ಯಾವ ವೈಫೈದಾಗ ಐತಿ ಕಾಕಾ?"

"ಎರಡೂ ನಮ್ಮವ ಅದಾವಲ್ಲೋ, ಯಾವದಾದ್ರ ಏನು?"

ಎರಡೂ ಅವರದ್ದೇ, ಬಿಲ್ ಕಟ್ಟೋದೂ ಅವರೇ. ಆದರೆ ನೆಟ್‌ವರ್ಕ್ ಲೆಕ್ಕದಲ್ಲಿ ಅವು ಎರಡು ಬೇರೆ ಮನೆಗಳು. ಹಳೇ ರೌಟರ್ ತನ್ನ ಹಿಂದೆ ಇನ್ನೊಂದು ನೆಟ್‌ವರ್ಕ್ ಕಟ್ಟಿಕೊಂಡು ಕೂತಿತ್ತು. ಟಿವಿಗೆ ನೆನಪಿದ್ದದ್ದು ಹಳೇ ಹೆಸರು, ಅದು ಅಲ್ಲಿಗೇ ಹೋಗಿ ಸೇರಿತ್ತು. ಕಾಕಾ ಅವರ ಫೋನ್ ಇದ್ದದ್ದು ಹೊಸದರಲ್ಲಿ. ಆ್ಯಪ್ ಟಿವಿಯನ್ನು ಹುಡುಕೋದು ಹೇಗೆ ಅಂದರೆ, "ಇಲ್ಲಿ ಯಾರಾದರೂ ಟಿವಿ ಇದ್ದೀರಾ?" ಅಂತ ತಾನಿರುವ ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ ಒಮ್ಮೆಲೇ ಕೂಗಿ ಕೇಳುತ್ತದೆ. ಆ ಕೂಗು ರೌಟರ್ ದಾಟಿ ಇನ್ನೊಂದು ನೆಟ್‌ವರ್ಕಿಗೆ ಹೋಗಲ್ಲ. ಇಂಟರ್ನೆಟ್ ಎರಡೂ ಕಡೆ ಓಡುತ್ತಿರುತ್ತದೆ, ಟಿವಿಯಲ್ಲಿ ಯೂಟ್ಯೂಬ್ ಬರುತ್ತದೆ, ಫೋನಿನಲ್ಲಿ ವಾಟ್ಸಪ್ ಬರುತ್ತದೆ, ಆದರೆ ಇವೆರಡಕ್ಕೆ ಪರಸ್ಪರ ಮುಖಪರಿಚಯ ಇಲ್ಲ.

ಗೊತ್ತುಮಾಡಿಕೊಳ್ಳೋದು ಸುಲಭ. ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ಜೋಡಣೆಯಾದ ಹೆಸರನ್ನು ಒತ್ತಿದರೆ ಐಪಿ ವಿಳಾಸ ಕಾಣುತ್ತದೆ. ಕಾಕಾ ಫೋನ್ ಹೊಸ ವೈಫೈಯಲ್ಲಿದ್ದಾಗ 192.168.1.7 ಅಂತ ತೋರಿಸಿತು, ಮೇಲಿನ ಹಳೇ ವೈಫೈಗೆ ಹಾಕಿದಾಗ 192.168.0.104 ಆಯಿತು. ಮೊದಲ ಮೂರು ಭಾಗ ಒಂದೇ ಇದ್ದರೆ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್, ಬೇರೆ ಆದರೆ ಬೇರೆ. ಇಲ್ಲಿ ಮೂರನೆಯದು 1 ಮತ್ತು 0, ಹಾಗಾಗಿ ಬೇರೆ. ತಕ್ಷಣದ ಮದ್ದು ಏನೂ ದೊಡ್ಡದಲ್ಲ, ಫೋನನ್ನು ಹಳೇ ಹೆಸರಿನ ವೈಫೈಗೆ ಹಾಕಿಕೊಂಡು ಆ್ಯಪ್ ತೆರೆಯೋದು, ಅಷ್ಟೇ. ಟಿವಿ ಬಂತು, ಕೋಡ್ ಬಂತು, ಜೋಡಣೆ ಆಯಿತು. ಕಾಯಂ ಮದ್ದು ಅಂದರೆ ಹಳೇ ರೌಟರಿನ ಸೆಟ್ಟಿಂಗ್ಸ್‌ನಲ್ಲಿ Access Point ಮೋಡ್ ಆರಿಸೋದು. ಆಗ ಅದು ಸ್ವಂತ ನೆಟ್‌ವರ್ಕ್ ಕಟ್ಟೋದು ಬಿಟ್ಟು, ಹೊಸದರ ನೆಟ್‌ವರ್ಕನ್ನೇ ಮೇಲಿನ ರೂಮಿಗೂ ಹರಡುತ್ತದೆ.

ಇಲ್ಲೊಂದು ಗೊಂದಲ ಬಿಡಿಸಿಬಿಡೋಣ. ಒಂದೇ ರೌಟರ್ 2.4 ಮತ್ತು 5 ಗಿಗಾಹರ್ಟ್ಜ್ ಅಂತ ಎರಡು ಹೆಸರು ತೋರಿಸುತ್ತಿದ್ದರೆ ಅದು ಬೇರೆ ನೆಟ್‌ವರ್ಕ್ ಅಲ್ಲ. ಟಿವಿ ಒಂದರಲ್ಲಿ, ಫೋನ್ ಇನ್ನೊಂದರಲ್ಲಿ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ "ಗೆಸ್ಟ್" ಅಂತ ಇರುವ ಮೂರನೇ ಹೆಸರಿಗೆ ಫೋನ್ ಹಾಕಿದ್ದರೆ ನಡೆಯಲ್ಲ, ಬಂದವರು ಮನೆಯ ಸಾಧನಗಳನ್ನು ಮುಟ್ಟಬಾರದು ಅಂತಲೇ ಅದನ್ನು ಮಾಡಿರೋದು. ಬಳ್ಳಾರಿಯ ಪಿಜಿ, ಲಾಡ್ಜ್‌ಗಳ ವೈಫೈಯಲ್ಲೂ ಇದೇ ಬೇಲಿ ಇರಬಹುದು, ಅಲ್ಲಿ ಸೆಟ್ಟಿಂಗ್ ನಿಮ್ಮ ಕೈಯಲ್ಲಿ ಇರಲ್ಲ. ಫೋನಿನಲ್ಲಿ ವಿಪಿಎನ್ ಓಡುತ್ತಿದ್ದರೆ ಒಮ್ಮೆ ಆರಿಸಿ ನೋಡಿ. ಐಫೋನಿನವರು ಆ್ಯಪಿಗೆ Local Network ಅನುಮತಿ ಕೊಟ್ಟಿದ್ದೀರಾ ನೋಡಿಕೊಳ್ಳಿ. ಮೊದಲ ಸಲ ಕೇಳಿದಾಗ ಬೇಡ ಅಂದಿದ್ದರೆ ಆ್ಯಪ್ ಎಷ್ಟು ಕೂಗಿದರೂ ಫೋನಿನ ಹೊರಗೆ ಸದ್ದು ಹೋಗಲ್ಲ.

ಬ್ರಾಡ್‌ಬ್ಯಾಂಡ್ ರೀಚಾರ್ಜ್ ಮುಗಿದರೆ? ಒಮ್ಮೆ ಜೋಡಿಸಿಕೊಂಡ ಗೂಗಲ್ ಟಿವಿ ರಿಮೋಟಿಗೆ ಇಂಟರ್ನೆಟ್ ಬೇಕಿಲ್ಲ, ರೌಟರ್ ಆನ್ ಇದ್ದರೆ ಸಾಕು, ಮಾತುಕತೆ ಮನೆಯೊಳಗೇ ನಡೆಯೋದು. ಆದರೆ ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಫೋನ್ ತಾನೇ ಮೊಬೈಲ್ ಡೇಟಾಗೆ ಜಿಗಿಯುತ್ತದೆ. ಡೇಟಾ ಆಫ್ ಮಾಡಿ, ಈ ವೈಫೈಯಲ್ಲೇ ಇರಬೇಕಾ ಅಂತ ಕೇಳಿದರೆ ಹೌದು ಅನ್ನಿ. ಖಾತೆ ಕೇಳುವ ಆ್ಯಪ್‌ಗಳನ್ನು ಇಂಥ ಹೊತ್ತಲ್ಲಿ ನಂಬಿ ಕೂರಬೇಡಿ.

## ಟಿವಿ ಯಾವ ವೈಫೈಯಲ್ಲೂ ಇಲ್ಲ, ರಿಮೋಟೂ ಇಲ್ಲ

ಕಾಕಾ ಹಳೇ ರೌಟರನ್ನು ಗುಜರಿಗೆ ಹಾಕಿದ್ದರೆ ಏನಾಗುತ್ತಿತ್ತು? ಟಿವಿಗೆ ಗೊತ್ತಿರುವ ಹೆಸರು ಇಲ್ಲ, ಹೊಸ ಹೆಸರು ಆರಿಸೋಕೆ ರಿಮೋಟ್ ಇಲ್ಲ, ಫೋನ್ ರಿಮೋಟ್ ಆಗೋಕೆ ಟಿವಿ ವೈಫೈಯಲ್ಲಿರಬೇಕು. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಬಿಡಿಸಿಕೊಳ್ಳೋಕೆ ದಾರಿಗಳಿವೆ, ನಾನು ಇದೇ ಕ್ರಮದಲ್ಲಿ ನೋಡುತ್ತೇನೆ.

ಮೊದಲನೆಯದು, ಹೊಸ ರೌಟರಿನ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಹಳೆಯದರ ಥರ ಬದಲಿಸೋದು. ಟಿವಿಗೆ ರೌಟರ್ ಬದಲಾಗಿದೆ ಅಂತ ಗೊತ್ತೇ ಆಗಲ್ಲ, ತಾನೇ ಬಂದು ಸೇರುತ್ತದೆ. ಮನೆಯಲ್ಲಿರುವ ಉಳಿದ ಫೋನ್‌ಗಳೂ ಸೇರುತ್ತವೆ, ಯಾರಿಗೂ ಹೊಸ ಪಾಸ್‌ವರ್ಡ್ ಹೇಳುವ ಕೆಲಸ ಇಲ್ಲ. ಫೈಬರ್ ಹಾಕೋಕೆ ಬಂದ ಹುಡುಗನಿಗೆ ಅವತ್ತೇ ಹೇಳಿದರೆ ಅವನೇ ಮಾಡಿ ಕೊಡುತ್ತಾನೆ.

ರೌಟರಿನ ಸೆಟ್ಟಿಂಗ್ಸ್‌ಗೆ ಹೋಗೋಕೆ ಬರಲ್ಲ, ಅಥವಾ ಮನೆಯಲ್ಲಿ ಬ್ರಾಡ್‌ಬ್ಯಾಂಡೇ ಇಲ್ಲ ಅನ್ನುವವರಿಗೆ ಹಾಟ್‌ಸ್ಪಾಟ್ ಇದೆ. ಒಂದು ಫೋನಿನ ಹಾಟ್‌ಸ್ಪಾಟಿಗೆ ಹಳೇ ವೈಫೈಯ ಹೆಸರು, ಪಾಸ್‌ವರ್ಡ್ ಇಡಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ, ನಡುವಿನ ಖಾಲಿ ಜಾಗ ಎಲ್ಲ ತದ್ವತ್ ಇರಬೇಕು. ಬ್ಯಾಂಡ್ 2.4 ಗಿಗಾಹರ್ಟ್ಜ್ ಇಡಿ, ಕಡಿಮೆ ಬೆಲೆಯ ಎಷ್ಟೋ ಟಿವಿಗಳಿಗೆ 5 ಕಾಣೋದೇ ಇಲ್ಲ. ಭದ್ರತೆ WPA2 ಇರಲಿ. ಟಿವಿಯನ್ನು ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಹಾಟ್‌ಸ್ಪಾಟ್ ಪರದೆಯಲ್ಲಿ ಒಂದು ಸಾಧನ ಸೇರಿದೆ ಅಂತ ಬರುತ್ತದೆ. ಈಗ ಎರಡನೇ ಫೋನನ್ನು ಅದೇ ಹಾಟ್‌ಸ್ಪಾಟಿಗೆ ಸೇರಿಸಿ, ಅದರಲ್ಲಿ ರಿಮೋಟ್ ಆ್ಯಪ್ ತೆರೆಯಿರಿ. ಹಾಟ್‌ಸ್ಪಾಟ್ ಕೊಟ್ಟ ಫೋನಿನಲ್ಲೇ ಆ್ಯಪ್ ತೆರೆದರೆ ಕೆಲವು ಫೋನ್‌ಗಳಲ್ಲಿ ಟಿವಿ ಸಿಗುತ್ತದೆ, ಕೆಲವದರಲ್ಲಿ ಸಿಗಲ್ಲ, ಆ್ಯಪ್ ವೈಫೈಗೆ ಸೇರಿ ಅಂತ ಹಠ ಹಿಡಿಯುತ್ತದೆ. ಅದಕ್ಕೆ ಎರಡನೇ ಫೋನ್, ಪಕ್ಕದ ಮನೆಯದಾದರೂ ಸರಿ.

ಇನ್ನು ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ವೈಫೈ ಆರಿಸಿ, ಪಾಸ್‌ವರ್ಡ್ ಬರೆಯಿರಿ. ಟಿವಿ ಅತ್ತ ಹಾರಿದ ಕ್ಷಣ ನಿಮ್ಮ ಆ್ಯಪಿನ ಸಂಪರ್ಕ ಕಡಿದುಹೋಗುತ್ತದೆ, ಗಾಬರಿ ಬೇಡ, ಅದು ಹಾಗೇ ಆಗಬೇಕು. ಫೋನನ್ನೂ ಹೊಸ ವೈಫೈಗೆ ಹಾಕಿಕೊಂಡರೆ ಟಿವಿ ಮತ್ತೆ ಪಟ್ಟಿಯಲ್ಲಿ ಬರುತ್ತದೆ.

ಹಳೇ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲವೇ? ಟಿವಿಗೆ ನೆಟ್ ವೈರ್ ಹಾಕುವ ತೂತು ಇದ್ದರೆ ರೌಟರಿನಿಂದ ಒಂದು ವೈರ್ ಎಳೆಯಿರಿ, ಪಾಸ್‌ವರ್ಡ್ ಇಲ್ಲದೆ ಆ ಕ್ಷಣವೇ ಒಂದೇ ನೆಟ್‌ವರ್ಕಿಗೆ ಬರುತ್ತದೆ. ಇಲ್ಲವೇ ಕಂಪ್ಯೂಟರಿನ ಯುಎಸ್‌ಬಿ ಮೌಸ್ ತಂದು ಟಿವಿಯ ಹಿಂದೆ ಚುಚ್ಚಿ. ಆಂಡ್ರಾಯ್ಡ್ ಟಿವಿಗಳಲ್ಲಿ ಬಾಣ ಕಾಣಿಸಿಕೊಂಡು, ಒತ್ತುತ್ತಾ ಹೋಗಬಹುದು. ತಿಳಿದವರಿಗೂ ಇದು ಎಷ್ಟೋ ಸಲ ಹೊಳೆಯಲ್ಲ.

## ಯಾರಿಗೆ ಯಾವುದು

ಮನೆಯಲ್ಲಿ ವಯಸ್ಸಾದವರು ಹಗಲೆಲ್ಲ ಟಿವಿ ನೋಡುತ್ತಾರೆ ಅಂದರೆ ಫೋನ್ ರಿಮೋಟನ್ನೇ ನೆಚ್ಚಿಕೊಳ್ಳಬೇಡಿ. ಬಟನ್ ಕೈಗೆ ತಾಗಲ್ಲ, ಪರದೆ ಲಾಕ್ ಆಗುತ್ತದೆ, ಎಲ್ಲಕ್ಕಿಂತ ಮುಖ್ಯ, ರಿಮೋಟ್ ಇರುವ ಫೋನ್ ಮಗನ ಜೇಬಿನಲ್ಲಿ ಬೆಳಿಗ್ಗೆಯೇ ರೈಸ್ ಮಿಲ್ಲಿಗೋ ಆಫೀಸಿಗೋ ಹೋಗಿಬಿಡುತ್ತದೆ. ಧಾರಾವಾಹಿ ಹೊತ್ತಿಗೆ ಅವ್ವ ಏನು ಮಾಡಬೇಕು? ಅವರಿಗೆ ನಿಜವಾದ ರಿಮೋಟ್ ಕೊಡಿಸಿ. ಇಲ್ಲವೇ ಸಿಮ್ ಇಲ್ಲದ ಒಂದು ಹಳೇ ಫೋನನ್ನು ಬರೀ ಇದಕ್ಕೇ ಇಡಿ. ವೈಫೈ ರಿಮೋಟಿಗೆ ಸಿಮ್ ಬೇಕಿಲ್ಲ, ಪರದೆ ಸ್ವಲ್ಪ ಒಡೆದಿದ್ದರೂ ನಡೆಯುತ್ತದೆ. ಲಾಕ್ ತೆಗೆದು, ಆ್ಯಪನ್ನು ಮೊದಲ ಪುಟದಲ್ಲೇ ಇಟ್ಟು ಟಿವಿ ಪಕ್ಕ ಚಾರ್ಜಿಗೆ ಹಾಕಿಡಿ.

ಬರೀ ಯೂಟ್ಯೂಬ್ ನೋಡುವವರಿಗೆ ರಿಮೋಟ್ ಆ್ಯಪೇ ಬೇಡ ಅನ್ನಬಹುದು. ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ Link with TV code ಅಂತ ಇದೆ, ಅಲ್ಲಿ ಬರುವ ಕೋಡನ್ನು ಫೋನಿನ ಯೂಟ್ಯೂಬ್‌ನಲ್ಲಿ ಬರೆದರೆ ಆಯಿತು. ಇದಕ್ಕೆ ಒಂದೇ ವೈಫೈ ಕೂಡ ಬೇಕಿಲ್ಲ, ಫೋನ್ ಮೊಬೈಲ್ ಡೇಟಾದಲ್ಲಿದ್ದರೂ ನಡೆಯುತ್ತದೆ, ಮಾತುಕತೆ ಇಂಟರ್ನೆಟ್ ಮೂಲಕ ಸುತ್ತಿ ಬರೋದರಿಂದ. ಪಿಜಿಯಲ್ಲಿ, ಎರಡು ರೌಟರ್ ಇರುವ ಮನೆಯಲ್ಲಿ ಇದು ಬಹಳ ಕೆಲಸಕ್ಕೆ ಬರುತ್ತದೆ. ಆದರೆ ಯೂಟ್ಯೂಬ್ ಬಿಟ್ಟು ಹೊರಗೆ ಬಂದರೆ ಇದರ ಕೈ ಸಾಗಲ್ಲ.

ಪಕ್ಕದ ಮನೆಯವರಿಗೂ ನಿಮ್ಮ ವೈಫೈ ಕೊಟ್ಟಿದ್ದರೆ ಅವರ ಫೋನಿನ ಪಟ್ಟಿಯಲ್ಲೂ ನಿಮ್ಮ ಟಿವಿ ಕಾಣುತ್ತದೆ. ಕೋಡ್ ನಿಮ್ಮ ಪರದೆ ಮೇಲೆ ಬರೋದರಿಂದ ನೀವು ಹೇಳದೆ ಜೋಡಿಸೋಕಾಗಲ್ಲ. ಕೋಡ್ ಇಲ್ಲದೆ ಬರೀ ಒಪ್ಪಿಗೆ ಕೇಳುವ ಟಿವಿಗಳಲ್ಲಿ ಮಾತ್ರ ಮಕ್ಕಳು ನೋಡದೆ ಸರಿ ಒತ್ತಿಬಿಡುತ್ತಾರೆ, ಆಮೇಲೆ ಸೌಂಡ್ ತಾನಾಗೇ ಏರುತ್ತಿದೆ, ಚಾನೆಲ್ ಬದಲಾಗುತ್ತಿದೆ ಅಂತ ದೂರು. ಸ್ಯಾಮ್‌ಸಂಗ್‌ನಲ್ಲಾದರೆ Device Connection Manager ಒಳಗೆ ಒಪ್ಪಿಗೆ ಪಡೆದ ಫೋನ್‌ಗಳ ಪಟ್ಟಿ ಇದೆ, ಬೇಡದವನ್ನು ಅಳಿಸಿ.

ಉಳಿದಿದ್ದು "ಯೂನಿವರ್ಸಲ್ ರಿಮೋಟ್" ಅನ್ನುವ ಬೇರೆಯವರ ಆ್ಯಪ್‌ಗಳು. ಇವುಗಳಲ್ಲಿ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ, ಮೂರು ಬಗೆಯ ಟಿವಿ ಇರುವ ಮನೆಗೆ ಒಂದೇ ಆ್ಯಪ್ ಅನುಕೂಲವೂ ಹೌದು. ಆದರೆ ಟಿವಿಯ ಜೊತೆ ಮಾತಾಡೋಕೆ ಅವಕ್ಕೆ ಬೇರೆ ಗುಟ್ಟಿನ ದಾರಿ ಏನಿಲ್ಲ, ಕಂಪನಿ ಆ್ಯಪಿಗೆ ಕಾಣದ ಟಿವಿ ಇವಕ್ಕೂ ಸಾಮಾನ್ಯವಾಗಿ ಕಾಣಲ್ಲ. ಹತ್ತಿರದ ಸಾಧನ ಅಥವಾ ಸ್ಥಳೀಯ ನೆಟ್‌ವರ್ಕ್ ಅನುಮತಿ ಕೇಳಿದರೆ ಅದು ಬೇಕಾದ್ದೇ. ಕಾಂಟ್ಯಾಕ್ಟ್ಸ್, ಮೆಸೇಜ್ ಅನುಮತಿ ಕೇಳಿದರೆ ಅಲ್ಲೇ ಅಳಿಸಿ, ಸೌಂಡ್ ಜಾಸ್ತಿ ಮಾಡೋಕೆ ನಿಮ್ಮ ಬೀಗರ ನಂಬರ್ ಯಾಕೆ ಬೇಕು? ಉಚಿತ ಟ್ರಯಲ್ ಅಂತ ಶುರು ಮಾಡಿ ವಾರಕ್ಕೊಮ್ಮೆ ದುಡ್ಡು ಕೀಳುವ ಆ್ಯಪ್‌ಗಳೂ ಇವುಗಳಲ್ಲಿವೆ. ಆ್ಯಪ್ ಅಳಿಸಿದ ಮಾತ್ರಕ್ಕೆ ಆ ಕಂತು ನಿಲ್ಲಲ್ಲ. ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರ ಒತ್ತಿ, Payments & subscriptions ಒಳಗಿನ Subscriptions ತೆರೆದು, ಅಲ್ಲಿ ರದ್ದು ಮಾಡಬೇಕು.